ಅಡವಿಟ್ಟ ಷೇರಿಗೂ ಒಂದು ಕಾಲಂ

2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಒಂದು ಪ್ರಕಟಣೆ ಹೊರಡಿಸಿತು. ಪ್ರವರ್ತಕ ರಾಮಲಿಂಗ ರಾಜು ಕುಟುಂಬದ್ದೇ ಆದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಖರೀದಿಸುವುದಾಗಿ ಅದರಲ್ಲಿತ್ತು. ಹೂಡಿಕೆದಾರರು ತಿರುಗಿಬಿದ್ದರು. ಕೆಲವೇ ಗಂಟೆಗಳಲ್ಲಿ ಪ್ರಸ್ತಾಪ ರದ್ದಾಯಿತು. ಆದರೆ ಷೇರು ಬೆಲೆಯ ಕುಸಿತ ನಿಲ್ಲಲಿಲ್ಲ.

ಮುಂದೆ ನಡೆದದ್ದು ಹೆಚ್ಚು ಕಳವಳಕಾರಿ. ಪ್ರವರ್ತಕರ ಷೇರುಗಳೆಲ್ಲ ಸಾಲಕ್ಕೆ ಅಡಮಾನವಾಗಿವೆ, ಸಾಲ ಕೊಟ್ಟವರು ಅವುಗಳನ್ನು ಮಾರಬಹುದು ಎಂಬ ಸಂಗತಿ ಡಿಸೆಂಬರ್ ಕೊನೆಯಲ್ಲಿ ಹೊರಬಂತು. ಅದಾಗಲೇ ಶೇ 9ಕ್ಕಿಂತ ಕಡಿಮೆಯಿದ್ದ ಪ್ರವರ್ತಕರ ಪಾಲು ದಿನಗಳೊಳಗೆ ಇನ್ನಷ್ಟು ಕರಗಿತು. ಜನವರಿ 7ರಂದು ರಾಜು ಲೆಕ್ಕಪತ್ರದ ವಂಚನೆಯನ್ನು ಪತ್ರದಲ್ಲಿ ಒಪ್ಪಿಕೊಂಡರು. ಅದೊಂದೇ ದಿನ ಷೇರು ಸುಮಾರು 179 ರೂಪಾಯಿಯಿಂದ 40ರ ಆಸುಪಾಸಿಗೆ ಬಿತ್ತು.

ಪುಸ್ತಕದ ಸುಳ್ಳು ಲೆಕ್ಕವನ್ನು ಹೊರಗಿನ ಹೂಡಿಕೆದಾರ ಪತ್ತೆಹಚ್ಚುವುದು ಕಷ್ಟ. ಅಡಮಾನದ ವಿಷಯ ಹಾಗಲ್ಲ, ಕೇಳಿದ್ದರೆ ಹೇಳಬಹುದಾಗಿದ್ದ ಮಾಹಿತಿ ಅದು. ಕೇಳುವ ನಿಯಮವೇ ಇರಲಿಲ್ಲ. ಅದೇ ಜನವರಿಯಲ್ಲಿ ಸೆಬಿ ನಿಯಮ ತಿದ್ದಿ, ಪ್ರವರ್ತಕರು ಅಡವಿಟ್ಟ ಷೇರುಗಳ ವಿವರವನ್ನು ಬಹಿರಂಗಪಡಿಸುವುದನ್ನು ಕಡ್ಡಾಯ ಮಾಡಿತು. ಪ್ರತಿ ತ್ರೈಮಾಸಿಕ ಮುಗಿದ 21 ದಿನದೊಳಗೆ ಕಂಪನಿಗಳು ಷೇರುಪೇಟೆಗೆ ಸಲ್ಲಿಸುವ ಷೇರುದಾರಿಕೆ ವಿವರದಲ್ಲಿ, ಪ್ರವರ್ತಕರ ಹೆಸರಿನ ಸಾಲಿನಲ್ಲಿ ನಾವಿಂದು ನೋಡುವ ಅಡಮಾನದ ಕಾಲಂ ಬಂದದ್ದು ಹೀಗೆ.

ಆ ಕಾಲಂ ಓದುವಾಗ ಎಡವುವುದು ಸುಲಭ. ಒಂದು ಲೆಕ್ಕ ಹಾಕೋಣ. ಕಂಪನಿಯೊಂದರ ಒಟ್ಟು ಷೇರು 10 ಕೋಟಿ. ಪ್ರವರ್ತಕರ ಬಳಿ ಅರ್ಧ, ಅಂದರೆ 5 ಕೋಟಿ. ಬೆಲೆ 200 ರೂಪಾಯಿ ಇದ್ದಾಗ ಅವರು 3 ಕೋಟಿ ಷೇರು ಅಡವಿಟ್ಟು 300 ಕೋಟಿ ಸಾಲ ಪಡೆದರು. ಸಾಲದ ಎರಡರಷ್ಟು ಮೌಲ್ಯದ ಷೇರು ಸದಾ ತಮ್ಮ ಬಳಿ ಇರಬೇಕೆಂಬುದು ಸಾಲ ಕೊಟ್ಟವರ ಷರತ್ತು. ಕಾಲಂನಲ್ಲಿ ಆಗ ಕಾಣುವುದು ಶೇ 60. ಇದು ಪ್ರವರ್ತಕರ ಪಾಲಿನಲ್ಲಿ ಶೇ 60, ಇಡೀ ಕಂಪನಿಯಲ್ಲಿ ಶೇ 30.

ಬೆಲೆ 150ಕ್ಕೆ ಇಳಿಯಿತು ಎನ್ನಿ. ಅದೇ 300 ಕೋಟಿ ಸಾಲಕ್ಕೆ ಈಗ 4 ಕೋಟಿ ಷೇರು ಬೇಕು. ಅಡಮಾನ ಶೇ 80ಕ್ಕೆ ಏರುತ್ತದೆ, ಹೊಸದಾಗಿ ಒಂದು ರೂಪಾಯಿ ಸಾಲ ಪಡೆಯದೆ. 120ಕ್ಕೆ ಇಳಿದರೆ 5 ಕೋಟಿಯೂ ಅಡವಿಗೆ ಹೋಗುತ್ತದೆ. ಅಲ್ಲಿಂದ ಕೆಳಗಿಳಿದರೆ ಕೊಡಲು ಷೇರೇ ಉಳಿದಿಲ್ಲ; ನಗದು ತರಬೇಕು, ಇಲ್ಲವೇ ಸಾಲ ಕೊಟ್ಟವರು ಮಾರುತ್ತಾರೆ. ಡಿಪಾಸಿಟರಿ ಖಾತೆಯಲ್ಲಿ ಅಡಮಾನ ನಮೂದಾಗಿರುವುದರಿಂದ ಷೇರನ್ನು ಅವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೋರ್ಟಿಗೆ ಅಲೆಯಬೇಕಿಲ್ಲ. ಈ ಷೇರು ದಿನಕ್ಕೆ 5 ಲಕ್ಷದಷ್ಟೇ ಕೈಬದಲಾಗುತ್ತಿದ್ದರೆ, ಮಾರಾಟಕ್ಕೆ ಬರುವ ಪ್ರತಿ 1 ಕೋಟಿ ಷೇರು 20 ದಿನಗಳ ಇಡೀ ವಹಿವಾಟಿಗೆ ಸಮ. ಬೆಲೆ ಇನ್ನೂ ಜಾರುತ್ತದೆ, ಜಾರಿದ್ದಕ್ಕೇ ಇನ್ನಷ್ಟು ಮಾರಾಟ. ಚಿನ್ನ ಅಡವಿಟ್ಟು ಹರಾಜಾದರೆ ಅಡವಿಟ್ಟವನಿಗಷ್ಟೇ ನಷ್ಟ. ಇಲ್ಲಿ ಸಾಲದ ಸುದ್ದಿಗೇ ಹೋಗದ ಸಣ್ಣ ಷೇರುದಾರನೂ ದಂಡ ತೆರುತ್ತಾನೆ.

ಆದ್ದರಿಂದ ಶೇಕಡಾವಾರು ಏರಿದಾಗ ಮೊದಲು ನೋಡಬೇಕಾದದ್ದು ಬೆಲೆಯ ಚಲನೆ. ಬೆಲೆ ಬಿದ್ದು ಅಡಮಾನ ಏರಿದ್ದರೆ ಹಳೆಯ ಸಾಲವೇ ಕೊರಳಿಗೆ ಬಿಗಿಯುತ್ತಿದೆ ಎಂದರ್ಥ. ಬೆಲೆ ಏರುತ್ತಿದ್ದರೂ ಅಡಮಾನ ಏರಿದ್ದರೆ ಹೊಸ ಸಾಲ ಬಂದಿರುವ ಸಾಧ್ಯತೆ ಹೆಚ್ಚು. ಆ ಹಣ ಹೋದದ್ದೆಲ್ಲಿಗೆ ಎಂಬುದು ಎರಡನೇ ಪ್ರಶ್ನೆ. ಕಂಪನಿಯದೇ ಯೋಜನೆಯ ಸಾಲಕ್ಕೆ ಬ್ಯಾಂಕು ಕೇಳಿದ ಭದ್ರತೆಯಾದರೆ ಒಂದು ಮಾತು. ಪ್ರವರ್ತಕರು ತಮ್ಮ ಬೇರೆ ವ್ಯವಹಾರಕ್ಕೆ ತಂದ ಸಾಲವಾದರೆ, ಅಲ್ಲಿನ ನಷ್ಟ ಇಲ್ಲಿನ ಒಳ್ಳೆಯ ಕಂಪನಿಯ ಒಡೆತನವನ್ನೇ ಅಲುಗಾಡಿಸುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ಅಪಾಯ.

2019ರ ಜನವರಿ 25ರಂದು ಅದು ಕಣ್ಣೆದುರು ನಡೆಯಿತು. ಜೀ ಎಂಟರ್‌ಟೈನ್‌ಮೆಂಟ್ ಟಿ.ವಿ. ವ್ಯವಹಾರದಲ್ಲಿ ಲಾಭ ಗಳಿಸುತ್ತಿತ್ತು. ಆದರೆ ಅದರ ಪ್ರವರ್ತಕರಾದ ಎಸ್ಸೆಲ್ ಸಮೂಹ ಮೂಲಸೌಕರ್ಯ ಕ್ಷೇತ್ರಕ್ಕೆ ಕೈಹಾಕಿ ಸಾಲದಲ್ಲಿ ಸಿಲುಕಿತ್ತು. ಒಂದೇ ದಿನದಲ್ಲಿ ಜೀ ಷೇರಿನ ಕಾಲು ಭಾಗಕ್ಕೂ ಹೆಚ್ಚು ಮೌಲ್ಯ ಕರಗಿತು. ಸಾಲ ಕೊಟ್ಟವರಲ್ಲಿ ಮ್ಯೂಚುವಲ್ ಫಂಡ್‌ಗಳೂ ಇದ್ದವು. ಎಲ್ಲರೂ ಮಾರಲು ಮುಗಿಬಿದ್ದರೆ ಯಾರಿಗೂ ಹಣ ಪೂರ್ತಿ ಬಾರದೆಂದು ಅವರು ಸೆಪ್ಟೆಂಬರ್‌ವರೆಗೆ ಕಾಯಲು ಒಪ್ಪಿದರು.

ಅದೇ ವರ್ಷ ಸೆಬಿ ನಿಯಮ ಬಿಗಿಗೊಳಿಸಿತು. ಅಡಮಾನ ಪ್ರವರ್ತಕರ ಪಾಲಿನ ಶೇ 50 ಅಥವಾ ಕಂಪನಿಯ ಒಟ್ಟು ಷೇರಿನ ಶೇ 20 ಮುಟ್ಟಿದರೆ ಕಾರಣವನ್ನೂ ಬರೆದುಕೊಡಬೇಕು. ಷೇರು ಮಾರುವುದಿಲ್ಲವೆಂದು ಸಾಲ ಕೊಟ್ಟವರಿಗೆ ಬರೆದುಕೊಟ್ಟ ಮುಚ್ಚಳಿಕೆಯಂಥ ಸುತ್ತುದಾರಿಗಳೂ ಲೆಕ್ಕಕ್ಕೆ ಬಂದವು. ಈ ಕಾರಣಪತ್ರ ಷೇರುಪೇಟೆಯ ಜಾಲತಾಣದಲ್ಲಿ ಕಂಪನಿಯ ಹೆಸರಿನಡಿ ಸಿಗುತ್ತದೆ. ಸಾಲ ಯಾರದು, ಯಾತಕ್ಕೆ ಎಂಬ ವಿವರ ಅದರಲ್ಲಿರುತ್ತದೆ. ತ್ರೈಮಾಸಿಕದ ಪಟ್ಟಿಗೆ ಕಾಯಬೇಕಾಗಿಯೂ ಇಲ್ಲ, ಹೊಸ ಅಡಮಾನದ ವಿವರ ಅದಕ್ಕೂ ಮೊದಲೇ ಷೇರುಪೇಟೆಗೆ ತಲುಪುತ್ತದೆ.