ಎಂಬತ್ತರ ಗೆರೆ ಎಳೆಯುವ ನಾಲಿಗೆಗಳು

ಮದ್ದೂರಿನಲ್ಲಿ ವಡೆ ತಿಂದು ಮೇಲೊಂದು ಕಾಫಿ ಕುಡಿಯುವವರಿಗೆ ಒಳ್ಳೆಯ ಕಾಫಿ ಯಾವುದೆಂದು ಯಾರೂ ಹೇಳಿಕೊಡಬೇಕಿಲ್ಲ. ಡಿಕಾಕ್ಷನ್ ಗಟ್ಟಿಯಾಗಿರಬೇಕು, ಹಾಲು ದಪ್ಪಗಿರಬೇಕು, ಅಷ್ಟೇ. ಆದರೆ ಚಿಕ್ಕಮಗಳೂರಿನ ಬೆಳೆಗಾರನ ಬೀಜವನ್ನು ದೂರದ ದೇಶದ ವ್ಯಾಪಾರಿ ‘ಸ್ಪೆಷಾಲಿಟಿ’ ದರ್ಜೆ ಎಂದು ಒಪ್ಪಿ ಹೆಚ್ಚು ಬೆಲೆ ಕೊಡಬೇಕಾದರೆ ಹಾಲಿಲ್ಲದ, ಸಕ್ಕರೆಯಿಲ್ಲದ, ಚಿಕೋರಿಯಿಲ್ಲದ ಬರೀ ಕಾಫಿಗೆ ಅಂಕ ಬೀಳಬೇಕು. ನೂರಕ್ಕೆ ಎಂಬತ್ತು ಬಂದರೆ ಸ್ಪೆಷಾಲಿಟಿ, ಎಪ್ಪತ್ತೊಂಬತ್ತೂ ಮುಕ್ಕಾಲು ಬಂದರೆ ಮಾಮೂಲಿ ಕಾಫಿ. ಈ ಅಂಕ ಹಾಕಲು ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದವರನ್ನು ‘ಕ್ಯೂ ಗ್ರೇಡರ್’ ಎನ್ನುತ್ತಾರೆ.

ನಮ್ಮಲ್ಲಿ ಈ ವಿದ್ಯೆಗೆ ಹಳೆಯ ನೆಲೆ ಬೆಂಗಳೂರಿನ ಕಾಫಿ ಮಂಡಳಿ. ಅಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದ ಸುನಾಲಿನಿ ಮೆನನ್ ಮುಂದೆ ಅದೇ ಊರಿನಲ್ಲಿ ಕಾಫಿಲ್ಯಾಬ್ ಕಟ್ಟಿದರು. ರುಚಿ ನೋಡುವುದನ್ನು ಒಂದು ವೃತ್ತಿಯಾಗಿ ಇಲ್ಲಿ ಬೆಳೆಸಿದವರಲ್ಲಿ ಅವರ ಹೆಸರು ಮೊದಲು ಬರುತ್ತದೆ. ಬೀಜದ ಗಾತ್ರ ಅಳೆಯುವುದಕ್ಕೆ ಜರಡಿ ಇದೆ. ಪ್ಲಾಂಟೇಶನ್ ಎ, ಡಬಲ್ ಎ ಎಂಬ ದರ್ಜೆಗಳು ಜರಡಿಯಲ್ಲೇ ತೀರ್ಮಾನವಾಗುತ್ತವೆ. ರುಚಿಗೆ ಜರಡಿಯಿಲ್ಲ. ಬೆಂಗಳೂರಿನ ನಾಲಿಗೆಯ ಎಂಬತ್ತೂ ಹ್ಯಾಂಬರ್ಗಿನ ನಾಲಿಗೆಯ ಎಂಬತ್ತೂ ಒಂದೇ ಆಗುವುದು ಹೇಗೆ?

ಮೊದಲ ಉಪಾಯ ನಾಲಿಗೆಯನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಕಟ್ಟಿಹಾಕುವುದು. ಹುರಿಯುವುದು ಎಂಟರಿಂದ ಹನ್ನೆರಡು ನಿಮಿಷ. ಹುರಿದ ಬಣ್ಣವನ್ನು ಕಣ್ಣಂದಾಜಿಗೆ ಬಿಡದೆ ಯಂತ್ರದಲ್ಲಿ ಅಳೆಯುತ್ತಾರೆ. ಹುರಿದ ಮೇಲೆ ಕನಿಷ್ಠ ಎಂಟು ಗಂಟೆ ಬಿಟ್ಟು, ಒಂದು ದಿನದೊಳಗೆ ರುಚಿ ನೋಡಬೇಕು. 150 ಮಿ.ಲೀ. ನೀರಿಗೆ 8.25 ಗ್ರಾಂ ಪುಡಿ. ನೀರು ಸುಮಾರು 93 ಡಿಗ್ರಿ. ಒಂದೊಂದು ಮಾದರಿಗೆ ಐದೈದು ಬಟ್ಟಲು. ಐದರಲ್ಲಿ ಒಂದು ಕೆಟ್ಟಿದ್ದರೂ ಅದು ಅಂಕಪಟ್ಟಿಯಲ್ಲಿ ಕಾಣಿಸಬೇಕೆಂದೇ ಐದು. ನೀರು ಸುರಿದು ನಾಲ್ಕು ನಿಮಿಷವಾದ ಬಳಿಕ ಮೇಲೆ ಕಟ್ಟಿದ ಪುಡಿಯ ಕೆನೆಯನ್ನು ಚಮಚದಿಂದ ಒಡೆದು ಮೂಗು ಒಡ್ಡುತ್ತಾರೆ. ಕಾಫಿ 70 ಡಿಗ್ರಿಗೆ ಇಳಿದಾಗ ಸೊರ್ರೆಂದು ಹೀರುವುದು ಶುರು. ಮನೆಯಲ್ಲಿ ಹಾಗೆ ಸದ್ದು ಮಾಡಿದರೆ ಅಜ್ಜಿ ಗದರಿಸುತ್ತಿದ್ದರು. ಇಲ್ಲಿ ಸದ್ದಾಗದಿದ್ದರೆ ಕಾಫಿ ಬಾಯಿತುಂಬ ಹರಡಿಲ್ಲ ಎಂದರ್ಥ. ಬಟ್ಟಲು ತಣ್ಣಗಾಗುವವರೆಗೂ ಮತ್ತೆ ಮತ್ತೆ ಹೀರಿ ಅಂಕ ತಿದ್ದುತ್ತಾರೆ, ಯಾಕೆಂದರೆ ಬಿಸಿಯಲ್ಲಿ ಅಡಗಿದ ದೋಷ ಆರಿದ ಮೇಲೆ ಹೊರಬರುತ್ತದೆ.

ಇಷ್ಟೆಲ್ಲ ಕಟ್ಟಿದರೂ ನೀರು ಕೈಕೊಡುತ್ತದೆ. ಇಲ್ಲಿ ಮಂಡ್ಯ ಜಿಲ್ಲೆಯ ಮಾತು ಬರುತ್ತದೆ. ಈ ಜಿಲ್ಲೆ ಕಬ್ಬಿನದು, ಕಾಫಿಯದಲ್ಲ. ಆದರೆ ಬೆಂಗಳೂರು ಕುಡಿಯುವ ಕಾವೇರಿ ನೀರು ಏರಿ ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪುಗಳಿಂದ. ಹೊಳೆಯ ಆ ನೀರಿಗೂ ಅದೇ ಜಿಲ್ಲೆಯ ಕೊಳವೆಬಾವಿಯ ಗಡಸು ನೀರಿಗೂ ಬೇಳೆ ಬೇಯಿಸುವವರು ವ್ಯತ್ಯಾಸ ಬಲ್ಲರು. ಗಡಸು ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬೊನೇಟ್ ಹೆಚ್ಚು; ಅದು ಕಾಫಿಯ ಹುಳಿಯನ್ನು ತಿಂದುಹಾಕುತ್ತದೆ. ಅದಕ್ಕಾಗಿ ಲ್ಯಾಬ್‌ಗಳು ನಲ್ಲಿ ನೀರನ್ನು ನಂಬದೆ, ಸೋಸಿ ಲವಣವನ್ನು ಹದಕ್ಕೆ ತಂದ ನೀರನ್ನು ಬಳಸುತ್ತವೆ. ಲೀಟರಿಗೆ ಸುಮಾರು 150 ಮಿಲಿಗ್ರಾಂ ಕರಗಿದ ಲವಣ ಇರಲಿ ಎಂಬುದು ಗುರಿ.

2025ಕ್ಕೆ ಮೊದಲಿನ ಅಂಕಪಟ್ಟಿಯ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಂದೇ ಚೀಲದ ಅರೇಬಿಕಾ ಎರಡು ಲ್ಯಾಬ್‌ಗೆ ಹೋಗಿದೆ. ಒಂದರಲ್ಲಿ 81.5, ಇನ್ನೊಂದರಲ್ಲಿ 79.75. ಬೆಳೆಗಾರನಿಗೆ ಈ ಒಂದೂ ಮುಕ್ಕಾಲು ಅಂಕ ಅಂದರೆ ದರ್ಜೆಯೇ ಕೈತಪ್ಪಿದಂತೆ. ಅನುಭವಿ ಗ್ರೇಡರ್ ಮೊತ್ತದ ಬಗ್ಗೆ ಜಗಳಕ್ಕೆ ಇಳಿಯುವುದಿಲ್ಲ, ಪಟ್ಟಿಯ ಸಾಲು ಸಾಲು ಹೋಲಿಸುತ್ತಾನೆ. ಪರಿಮಳ ಎರಡರಲ್ಲೂ 7.5. ನಾಲಿಗೆಗೆ ಹತ್ತುವ ದಪ್ಪವೂ ಎರಡರಲ್ಲೂ 7.5. ಹುಳಿ ಮಾತ್ರ ಒಂದರಲ್ಲಿ 7.25, ಇನ್ನೊಂದರಲ್ಲಿ 6.75. ರುಚಿ, ಬಾಯಲ್ಲಿ ಉಳಿಯುವ ರುಚಿ, ಸಮತೋಲ ಕಾಲು ಕಾಲು ಇಳಿದಿವೆ. ಒಟ್ಟು ಅಭಿಪ್ರಾಯ ಅರ್ಧ ಇಳಿದಿದೆ. ಹುಳಿ ಕುಸಿದದ್ದೇ ಉಳಿದವನ್ನೂ ಎಳೆದಿದೆ. ಹುರಿತ ಕೆಟ್ಟಿದ್ದರೆ ಪರಿಮಳದಲ್ಲೂ ಏನಾದರೂ ಕಾಣಬೇಕಿತ್ತು. ಹಾಗಾಗಿ ಮೊದಲ ಅನುಮಾನ ನೀರಿನ ಮೇಲೆ. ಒಂದೇ ಹುರಿತದ, ಒಂದೇ ಸಲ ಪುಡಿ ಮಾಡಿದ ಕಾಫಿಯನ್ನು ಎರಡೂ ಲ್ಯಾಬಿನ ನೀರಿನಲ್ಲಿ ಪಕ್ಕಪಕ್ಕದಲ್ಲೇ, ಹೆಸರು ಮುಚ್ಚಿ ಇಡುತ್ತಾರೆ. ಅಂತರ ನೀರಿನ ಜೊತೆಗೇ ಓಡಾಡಿದರೆ ಕಳ್ಳ ಸಿಕ್ಕಂತೆ. ಎರಡೂ ನೀರಿಗೆ ಒಂದೇ ಅಂಕ ಬಂದರೆ ಅನುಮಾನ ಮನುಷ್ಯರ ಮೇಲೆ ತಿರುಗುತ್ತದೆ.

ಮನುಷ್ಯರಲ್ಲಿ ಎರಡು ಬಗೆ. ಒಬ್ಬರು ಯಾವ ಕಾಫಿ ಕೊಟ್ಟರೂ ಹುಳಿಗೆ ಅರ್ಧ ಅಂಕ ಕಡಿಮೆಯೇ ಹಾಕುತ್ತಾರೆ. ಇದು ಓರೆ, ತೋರಿಸಿಕೊಟ್ಟರೆ ತಿದ್ದಿಕೊಳ್ಳಬಹುದು. ಇನ್ನೊಬ್ಬರು ಅದೇ ಕಾಫಿಗೆ ಬೆಳಿಗ್ಗೆ 82, ಮಧ್ಯಾಹ್ನ 79 ಹಾಕುತ್ತಾರೆ. ಇದನ್ನು ತಿದ್ದುವುದು ಕಷ್ಟ. ಇವರಿಬ್ಬರನ್ನು ಬೇರ್ಪಡಿಸಲು ಮೇಜಿನ ಮೇಲೆ ಒಂದೇ ಮಾದರಿಯನ್ನು ಎರಡು ಬೇರೆ ಸಂಖ್ಯೆಗಳಲ್ಲಿ ಗುಟ್ಟಾಗಿ ಇಡುತ್ತಾರೆ. ನನಗೆ ಕೇಳಿದರೆ, ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಪರೀಕ್ಷೆ ಇದೇ.

ಕೆಲಸ ಶುರುವಾಗುವ ಮುನ್ನ ಎಲ್ಲರೂ ಒಂದು ಸಾಮಾನ್ಯ ಮಾದರಿಯ ರುಚಿ ನೋಡಿ, ಮಾತಿಲ್ಲದೆ ಅಂಕ ಬರೆದು, ಆಮೇಲೆ ಬಾಯಿ ಬಿಡುತ್ತಾರೆ. ಈ ಕ್ರಮ ತಪ್ಪಬಾರದು. ಹಿರಿಯರು ಮೊದಲು ಮಾತಾಡಿದರೆ, ಇಲ್ಲವೇ ಮುಖ ಸಿಂಡರಿಸಿದರೂ ಸಾಕು, ಕಿರಿಯರ ಪೆನ್ನು ಅತ್ತ ವಾಲುತ್ತದೆ. ಎಲ್ಲರ ಅಂಕ ಹತ್ತಿರ ಬರುತ್ತದೆ ನಿಜ, ಆದರೆ ಅದು ಒಮ್ಮತವಲ್ಲ, ಮರ್ಯಾದೆ. ಎಂಬತ್ತರ ಗೆರೆಗೂ ಒಂದು ಸೆಳೆತವಿದೆ. 79.75 ಬರೆದು ಒಬ್ಬನ ಹೊಟ್ಟೆಯ ಮೇಲೆ ಹೊಡೆಯುವುದೇಕೆಂದು 80 ಬರೆಯುವವರಿದ್ದಾರೆ. ಬಹಳಷ್ಟು ಅಂಕಪಟ್ಟಿಗಳಲ್ಲಿ 80 ಹೇರಳವಾಗಿದ್ದು 79.5, 79.75 ಅಪರೂಪವಾಗಿದ್ದರೆ ಆ ಲ್ಯಾಬಿನಲ್ಲಿ ಕರುಣೆ ಕೆಲಸ ಮಾಡಿದೆ ಎಂದು ತಿಳಿಯಬಹುದು.

ಇದಕ್ಕಾಗಿ ಹಳೆಯ ಕ್ಯೂ ಪದ್ಧತಿಯಲ್ಲಿ ಪರೀಕ್ಷೆಯೂ ಕಠಿಣವಾಗಿತ್ತು. ಸಿಹಿ, ಹುಳಿ, ಉಪ್ಪಿನ ದುರ್ಬಲ ದ್ರಾವಣಗಳನ್ನು ತೀವ್ರತೆಯ ಕ್ರಮದಲ್ಲಿ ಜೋಡಿಸಬೇಕಿತ್ತು. ಮೂರು ಬಟ್ಟಲಲ್ಲಿ ಬೇರೆಯದನ್ನು ಹುಡುಕಬೇಕಿತ್ತು. ನಿಂಬೆಯ ಸಿಟ್ರಿಕ್ ಆಮ್ಲವನ್ನೂ ಸೇಬಿನ ಮ್ಯಾಲಿಕ್ ಆಮ್ಲವನ್ನೂ ಕಾಫಿಯೊಳಗೆ ಬೆರೆಸಿಟ್ಟಾಗ ಗುರುತಿಸಬೇಕಿತ್ತು. ಪಾಸಾದರೂ ಮೂರು ವರ್ಷಕ್ಕೊಮ್ಮೆ ನಾಲಿಗೆಯನ್ನು ಮತ್ತೆ ಒರೆಗೆ ಹಚ್ಚಬೇಕೆಂಬ ನಿಯಮವಿತ್ತು. ದರ್ಜೆಪತ್ರಕ್ಕೆ ಒಬ್ಬರ ಅಂಕ ಸಾಲುತ್ತಿರಲಿಲ್ಲ. ಮೂವರು ಬೇರೆ ಬೇರೆಯಾಗಿ ಹಾಕಿದ್ದನ್ನು ಸರಾಸರಿ ಮಾಡುತ್ತಿದ್ದರು.

2025ರಲ್ಲಿ ಈ ಪದ್ಧತಿಯನ್ನು ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ ವಹಿಸಿಕೊಂಡಿತು, ಅಂಕಪಟ್ಟಿಯೂ ಬದಲಾಯಿತು. ‘ಈ ಕಾಫಿಯಲ್ಲಿ ಏನಿದೆ’ ಮತ್ತು ‘ಅದು ಎಷ್ಟು ಚೆನ್ನಾಗಿದೆ’ ಎಂಬುದಕ್ಕೆ ಈಗ ಬೇರೆ ಬೇರೆ ಹಾಳೆ. ಎರಡನೆಯ ಹಾಳೆಯಲ್ಲಿ ಎಂಟು ಅಂಶಗಳಿಗೆ ಒಂದರಿಂದ ಒಂಬತ್ತರವರೆಗೆ ಗುರುತು ಹಾಕಿ ನೂರರ ಲೆಕ್ಕಕ್ಕೆ ತರುತ್ತಾರೆ. ಎಲ್ಲಕ್ಕೂ ನಡುವಿನ ಐದನ್ನೇ ಹಾಕಿದರೆ 79 ಬರುತ್ತದೆ. ಹಳೆಯ ಪಟ್ಟಿಯ 82ನ್ನೂ ಹೊಸದರ 82ನ್ನೂ ಹಾಗೇ ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ.

ಆದ್ದರಿಂದ ಮುಂದಿನ ಸಲ ಕಾಫಿ ಪೊಟ್ಟಣದ ಮೇಲೆ ‘84 ಅಂಕ’ ಎಂದು ಕಂಡರೆ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ: ಎಷ್ಟು ಜನ ರುಚಿ ನೋಡಿದರು, ಯಾವ ಪಟ್ಟಿಯಲ್ಲಿ ಬರೆದರು, ಯಾವಾಗ? ಹಸಿ ಬೀಜ ಗೋದಾಮಿನಲ್ಲಿ ಹಳತಾದಂತೆ ಅಂಕವೂ ಇಳಿಯುತ್ತದೆ. ತಾರೀಖಿಲ್ಲದ ಅಂಕಕ್ಕೆ ಹೆಚ್ಚು ದುಡ್ಡು ಕೊಡಬೇಡಿ.