ಹನ್ನೆರಡು ವರ್ಷ ಉತ್ತರೆ ಹೊಲ ಯಾರದು?

ಇನ್ನೊಬ್ಬರಿಗೆ ಸೇರಿದ ಜಮೀನನ್ನು ಒಬ್ಬ ವ್ಯಕ್ತಿ ತನ್ನದೆಂದೇ ಸಾರಿಕೊಂಡು, ಎಲ್ಲರ ಕಣ್ಣೆದುರು, ಎಡೆಬಿಡದೆ ಅನುಭವಿಸುತ್ತ ಕಾನೂನು ಗೊತ್ತುಮಾಡಿದ ಅವಧಿಯನ್ನು ದಾಟಿದರೆ, ಆ ಜಮೀನಿನ ಹಕ್ಕು ಮೂಲ ಮಾಲೀಕನ ಕೈತಪ್ಪಿ ಅವನಿಗೇ ದಕ್ಕಬಹುದು. ಇದಕ್ಕೆ ಪ್ರತಿಕೂಲ ಸ್ವಾಧೀನ ಎಂದು ಹೆಸರು. ನ್ಯಾಯಾಲಯಗಳ ಪಡಸಾಲೆಯಲ್ಲಿ ಕೇಳಿಬರುವುದು ಅಡ್ವರ್ಸ್ ಪೊಸೆಷನ್ ಎಂಬ ಮಾತು. ಖಾಸಗಿ ಜಮೀನಿಗೆ ಈ ಅವಧಿ 12 ವರ್ಷ, ಸರ್ಕಾರಿ ಜಮೀನಿಗೆ 30 ವರ್ಷ.

ಹಳ್ಳಿಗಳಲ್ಲಿ ಈ ನಿಯಮ ‘ಹನ್ನೆರಡು ವರ್ಷ ಉತ್ತವನಿಗೆ ಹೊಲ’ ಎಂದು ಮೊಟಕಾಗಿ ಹರಡಿದೆ. ಊರು ಬಿಟ್ಟು ನೌಕರಿಗೆ ಹೋದವರು ಇದರಿಂದ ಗಾಬರಿಪಡುತ್ತಾರೆ, ಅವರ ಹೊಲ ನೋಡಿಕೊಳ್ಳುವ ನೆಂಟರಲ್ಲಿ ಕೆಲವರಿಗೆ ಆಸೆ ಹುಟ್ಟುತ್ತದೆ. ಎರಡಕ್ಕೂ ಆಧಾರ ಕಡಿಮೆ. ಕಾನೂನು ಎಣಿಸುವುದು ಉತ್ತ ವರ್ಷಗಳನ್ನಲ್ಲ, ಮಾಲೀಕನ ಹಕ್ಕನ್ನು ಧಿಕ್ಕರಿಸಿ ಉತ್ತ ವರ್ಷಗಳನ್ನು. ಒಪ್ಪಿಗೆ ಪಡೆದು ಉಳುತ್ತಿರುವವನು ಯಾರನ್ನೂ ಧಿಕ್ಕರಿಸಿರುವುದಿಲ್ಲ.

ಕಾನೂನು ಹೇಳುವುದೇನು

ಈ ನಿಯಮ ಇರುವುದು 1963ರ ಕಾಲಮಿತಿ ಕಾಯ್ದೆಯಲ್ಲಿ. ಜಮೀನು ನಿನ್ನದಾಗುತ್ತದೆ ಎಂದು ಅದು ಯಾರಿಗೂ ನೇರವಾಗಿ ಹೇಳುವುದಿಲ್ಲ. ದಾವೆ ಹೂಡಲು ಮಾಲೀಕನಿಗೆ ಒಂದು ಗಡುವು ಹಾಕುತ್ತದೆ, ಅಷ್ಟೆ. ಹಕ್ಕುಪತ್ರದ ಆಧಾರದ ಮೇಲೆ ಸ್ವಾಧೀನ ಕೇಳುವವನು, ಎದುರಾಳಿಯ ಸ್ವಾಧೀನ ತನಗೆ ಪ್ರತಿಕೂಲವಾದ ದಿನದಿಂದ 12 ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಬೇಕು ಎಂದು ಆ ಕಾಯ್ದೆಯ 65ನೇ ಅನುಚ್ಛೇದ ಹೇಳುತ್ತದೆ. ಗಡುವು ಮೀರಿದರೆ ದಾವೆ ಹೂಡುವ ಅವಕಾಶದ ಜೊತೆಗೆ ಮಾಲೀಕನ ಹಕ್ಕೂ ಅಳಿದುಹೋಗುತ್ತದೆ ಎನ್ನುವುದು 27ನೇ ಕಲಂ. ಹೀಗೆ ಅಳಿದ ಹಕ್ಕು ಸ್ವಾಧೀನದಲ್ಲಿರುವವನ ಪಾಲಾಗುತ್ತದೆ. ಮೊದಲು ಇದನ್ನು ಪ್ರತಿವಾದಿ ರಕ್ಷಣೆಗಾಗಿ ಮಾತ್ರ ಬಳಸಬಹುದು ಎಂಬ ಅಭಿಪ್ರಾಯವಿತ್ತು. ಈ ಆಧಾರದ ಮೇಲೆ ಹಕ್ಕು ಘೋಷಣೆ ಕೋರಿ ವಾದಿಯಾಗಿಯೂ ಬರಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ನೀಡಿತು.

‘ಪ್ರತಿಕೂಲವಾದ ದಿನದಿಂದ’ ಎಂಬ ಮಾತಿನಲ್ಲೇ ಇಡೀ ಕಾನೂನಿನ ತಿರುಳಿದೆ. 1963ಕ್ಕೆ ಮೊದಲಿದ್ದ ಕಾಯ್ದೆಯಲ್ಲಿ, ಜಮೀನಿನಿಂದ ತನ್ನನ್ನು ಹೊರಹಾಕಲಾಗಿದೆ ಎಂದು ದಾವೆ ಹೂಡುವ ಮಾಲೀಕ, ಹಿಂದಿನ 12 ವರ್ಷದೊಳಗೆ ತಾನು ಸ್ವಾಧೀನದಲ್ಲಿದ್ದೆನೆಂದು ತೋರಿಸಬೇಕಿತ್ತು. ಈಗ ಆ ಭಾರವಿಲ್ಲ. ಮಾಲೀಕ ತನ್ನ ಹಕ್ಕುಪತ್ರವನ್ನು ರುಜುವಾತುಪಡಿಸಿದರೆ ಸಾಕು. ಅವನ ಹಕ್ಕು ಅಳಿದಿದೆ ಎನ್ನುವವನೇ ಅದನ್ನು ಸಾಬೀತು ಮಾಡಬೇಕು. ಆದ್ದರಿಂದ ಮಾಲೀಕ ಇಪ್ಪತ್ತು ವರ್ಷ ಊರ ಕಡೆ ಸುಳಿಯದಿದ್ದರೂ, ಹೊಲ ಬೀಳುಬಿದ್ದಿದ್ದರೂ, ಅಷ್ಟರಿಂದಲೇ ಹಕ್ಕು ಹೋಗುವುದಿಲ್ಲ.

ಪ್ರತಿಕೂಲ ಸ್ವಾಧೀನ ಸಾಧಿಸುವವನು ಏನೇನು ತೋರಿಸಬೇಕು ಎಂಬುದನ್ನು ಕರ್ನಾಟಕ ವಕ್ಫ್ ಮಂಡಳಿ ಕಕ್ಷಿಯಾಗಿದ್ದ 2004ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಯಾವ ದಿನ ಸ್ವಾಧೀನಕ್ಕೆ ಬಂದದ್ದು, ಆ ಸ್ವಾಧೀನ ಯಾವ ಬಗೆಯದು, ಅದು ಎದುರಾಳಿಗೆ ತಿಳಿದಿತ್ತೇ, ಎಷ್ಟು ಕಾಲ ನಡೆಯಿತು, ಬಹಿರಂಗವಾಗಿಯೂ ಅಡ್ಡಿಯಿಲ್ಲದೆಯೂ ನಡೆಯಿತೇ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಬೇಕು. ಇವುಗಳಲ್ಲಿ ಮೊದಲನೆಯದಕ್ಕೇ ಉತ್ತರವಿಲ್ಲದೆ ಅನೇಕ ದಾವೆಗಳು ಬಿದ್ದುಹೋಗುತ್ತವೆ. ‘ನಮ್ಮಜ್ಜನ ಕಾಲದಿಂದಲೂ ನಾವೇ ಉಳುತ್ತಿದ್ದೇವೆ’ ಎಂಬ ಹೇಳಿಕೆಯಲ್ಲಿ ದೀರ್ಘಕಾಲವಿದೆ, ಆದರೆ ಎಣಿಕೆ ಶುರುಮಾಡಲು ಬೇಕಾದ ದಿನಾಂಕವಿಲ್ಲ.

ನೆಂಟರ ಒಪ್ಪಿಗೆ

ಮಾಲೀಕನ ಅನುಮತಿಯಿಂದ ಜಮೀನಿನಲ್ಲಿ ಇರುವವನ ಸ್ವಾಧೀನ ಮಾಲೀಕನ ಪರವಾದದ್ದು. ಅದು ಎಷ್ಟು ವರ್ಷ ನಡೆದರೂ ತಾನಾಗಿ ಪ್ರತಿಕೂಲವಾಗದು. ಗೋವಾದ ಮನೆಯೊಂದರ ಬಗ್ಗೆ ಸೋದರ ಸೋದರಿಯರ ನಡುವೆ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದನ್ನು ಖಚಿತವಾಗಿ ಹೇಳಿತು. ಮನೆ ಸೋದರಿಯದು, ಸೋದರ ಅದರಲ್ಲಿ ವಾಸವಾಗಿದ್ದ. ಕೆಳಗಿನ ನ್ಯಾಯಾಲಯಗಳು ಅವನ ಪರ ನಿಂತಿದ್ದವು. ಸುಪ್ರೀಂ ಕೋರ್ಟ್ ಆ ತೀರ್ಪುಗಳನ್ನು ತಳ್ಳಿಹಾಕಿತು. ಬಾಡಿಗೆಯಿಲ್ಲದೆ ಪ್ರೀತಿಯಿಂದ ಇರಗೊಟ್ಟವರಿಗೆ, ಮನೆ ಕಾಯುವವರಿಗೆ, ಆಳುಗಳಿಗೆ ಎಷ್ಟು ದೀರ್ಘ ವಾಸದಿಂದಲೂ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದಿತು.

ಒಪ್ಪಿಗೆ ಬರಹದಲ್ಲೇ ಇರಬೇಕೆಂದಿಲ್ಲ. ನಂಟಸ್ತಿಕೆಯಲ್ಲಿ ಅದು ಸಾಮಾನ್ಯವಾಗಿ ಬಾಯಿಮಾತಿನದೇ ಆಗಿರುತ್ತದೆ. ಅದಕ್ಕಾಗಿಯೇ ಹತ್ತಿರದ ಬಂಧುಗಳ ನಡುವಿನ ಸ್ವಾಧೀನವನ್ನು ನ್ಯಾಯಾಲಯಗಳು ಹಗೆತನದ್ದೆಂದು ಸುಲಭವಾಗಿ ನಂಬುವುದಿಲ್ಲ. ತಮ್ಮನೊಬ್ಬ ಅಕ್ಕನ ಹೊಲ ಉಳುತ್ತಿದ್ದರೆ ಅವಳ ಸಮ್ಮತಿಯಿಂದ ಉಳುತ್ತಿದ್ದಾನೆ ಎಂದುಕೊಳ್ಳುವುದೇ ಸಹಜ.

ಆದರೆ ಎರಡು ಬಗೆಯ ಮಾತುಗಳನ್ನು ಬೇರೆ ಮಾಡಿ ನೋಡಬೇಕು. ‘ನಾನು ಬರುವ ತನಕ ಉತ್ತುಕೊಂಡು ತಿನ್ನು’ ಎಂದರೆ ಅದು ಅನುಮತಿ. ‘ಈ ಹೊಲ ನನಗೆ ಬೇಡ, ಇನ್ನು ನಿನ್ನದೇ’ ಎಂದರೆ ಅದು ದಾನ. ಜಮೀನಿನ ದಾನ ನೋಂದಣಿಯಾಗದೆ ಸಿಂಧುವಾಗುವುದಿಲ್ಲ, ಆದ್ದರಿಂದ ಆ ಮಾತಿನಿಂದ ಅಂದೇ ಹಕ್ಕು ವರ್ಗವಾಗದು. ಹಾಗಿದ್ದರೂ ಅದನ್ನು ನಂಬಿ ಬಂದವನು ಮೊದಲ ದಿನದಿಂದ ತನ್ನದೆಂದೇ ಅನುಭವಿಸುತ್ತಿರುತ್ತಾನೆ. ಅವನು ಯಾರ ಕೈಕೆಳಗೂ ಇರುವುದಿಲ್ಲ. ಹೀಗೆ ಅಸಿಂಧುವಾದ ದಾನದ ಮೇಲೆ ನಡೆದ ಸ್ವಾಧೀನ 12 ವರ್ಷ ದಾಟಿದರೆ ಹಕ್ಕಾಗಬಹುದು. ಎರಡೂ ಮಾತು ಬಾಯಿಮಾತೇ, ಎರಡೂ ಪ್ರೀತಿಯಿಂದ ಬಂದವೇ. ಆದರೂ ಒಂದು ಎಣಿಕೆಯನ್ನು ತಡೆಯುತ್ತದೆ, ಇನ್ನೊಂದು ಶುರುಮಾಡುತ್ತದೆ.

ಒಂದು ಉದಾಹರಣೆ

ಧಾರವಾಡದ ಕಡೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. 1990ರಲ್ಲಿ ತಂದೆ ತನ್ನ ಸ್ವಯಾರ್ಜಿತ ಎರಡು ಎಕರೆ ಹೊಲವನ್ನು ಮಗಳಿಗೆ ನೋಂದಾಯಿತ ದಾನಪತ್ರದ ಮೂಲಕ ಕೊಡುತ್ತಾನೆ. ಮಗಳು ಪುಣೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಹೊಲವನ್ನು ತಮ್ಮ ಉಳುತ್ತಾನೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅಕ್ಕನಿಗೆ ಎರಡು ಚೀಲ ಜೋಳ ಕಳಿಸುತ್ತಾನೆ.

2004ರಲ್ಲಿ ಮನಸ್ತಾಪವಾಗಿ ಜೋಳ ನಿಲ್ಲುತ್ತದೆ. ಅಲ್ಲಿಗೆ 14 ವರ್ಷವಾಗಿದ್ದರೂ ತಮ್ಮನ ಲೆಕ್ಕದಲ್ಲಿ ಒಂದು ದಿನವೂ ಜಮೆಯಾಗಿಲ್ಲ, ಏಕೆಂದರೆ ಅವನು ಅಕ್ಕನ ಒಪ್ಪಿಗೆಯಿಂದ ಇದ್ದವನು. ಜೋಳ ನಿಂತ ಮಾತ್ರಕ್ಕೂ ಎಣಿಕೆ ಶುರುವಾಗುವುದಿಲ್ಲ. ಸುಮ್ಮನಾಗುವುದು ಬೇರೆ, ಹಕ್ಕನ್ನು ಅಲ್ಲಗಳೆಯುವುದು ಬೇರೆ.

2006ರ ಜೂನ್‌ನಲ್ಲಿ ತಮ್ಮ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ‘ಹೊಲ ನನ್ನದೇ, ಅಕ್ಕನಿಗೆ ಇದರಲ್ಲಿ ಯಾವ ಹಕ್ಕೂ ಇಲ್ಲ’ ಎಂದು ಬರೆದು ಖಾತೆ ಬದಲಾವಣೆ ಕೇಳುತ್ತಾನೆ. ಅದೇ ತಿಂಗಳು ಅಕ್ಕನಿಗೆ ನೋಟಿಸ್ ತಲುಪುತ್ತದೆ. ಒಪ್ಪಿಗೆಯ ನಂಟು ಕಡಿದದ್ದು ಇಲ್ಲಿ. ಧಿಕ್ಕಾರ ಬಾಯಿಬಿಟ್ಟು ಹೊರಬಂದಿದೆ, ಅಕ್ಕನಿಗೂ ತಿಳಿದಿದೆ. ಕಾನೂನಿನ ಎಣಿಕೆ ಅಂದಿನಿಂದ ಶುರುವಾಗಿ 2018ರ ಜೂನ್‌ಗೆ ಮುಗಿಯುತ್ತದೆ.

ಅಕ್ಕ 2017ರಲ್ಲಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರೆ ತಮ್ಮನಿಗೆ ಪ್ರತಿಕೂಲ ಸ್ವಾಧೀನದ ಆಸರೆ ಇಲ್ಲ. 2019ರವರೆಗೆ ಕಾದರೆ, ನೋಂದಾಯಿತ ದಾನಪತ್ರ ಕೈಯಲ್ಲಿದ್ದರೂ ಹೊಲ ಅವಳ ಕೈತಪ್ಪಬಹುದು. ಈ ನಡುವೆ ಅವಳು ತಕರಾರು ಅರ್ಜಿ ಕೊಟ್ಟದ್ದು, ವಕೀಲರಿಂದ ನೋಟಿಸ್ ಕಳಿಸಿದ್ದು, ಊರ ಹಿರಿಯರನ್ನು ಕೂಡಿಸಿ ಮಾತಾಡಿಸಿದ್ದು ಯಾವುದೂ ಎಣಿಕೆಯನ್ನು ನಿಲ್ಲಿಸುವುದಿಲ್ಲ. ಅನೇಕರು ಎಡವುವುದು ಇಲ್ಲೇ. ಜಗಳ ನಡೆಯುತ್ತಲೇ ಇದೆಯಲ್ಲ ಎಂಬ ಸಮಾಧಾನದಲ್ಲಿ ಗಡುವು ದಾಟಿಹೋಗುತ್ತದೆ. ಗಡುವಿಗೆ ಮೊದಲೇ ತಮ್ಮ ‘ಹೊಲ ಅಕ್ಕನದು’ ಎಂದು ಬರೆದು ಸಹಿ ಹಾಕಿದರೆ ಮಾತ್ರ, ಕಾಯ್ದೆಯ 18ನೇ ಕಲಂ ಪ್ರಕಾರ ಸಹಿಯ ದಿನದಿಂದ ಹೊಸ ಎಣಿಕೆ ಆರಂಭವಾಗುತ್ತದೆ.

ಇದೇ ಹೊಲ ಅಕ್ಕನ ಸ್ವಂತದ್ದಾಗಿರದೆ ಇನ್ನೂ ಪಾಲಾಗದ ಪಿತ್ರಾರ್ಜಿತವಾಗಿದ್ದರೆ ತಮ್ಮನ ದಾರಿ ಮತ್ತಷ್ಟು ಕಠಿಣ. ಒಬ್ಬ ವಾರಸುದಾರನ ಸ್ವಾಧೀನ ಎಲ್ಲ ವಾರಸುದಾರರ ಪರವಾದದ್ದು ಎಂದು ಸುಪ್ರೀಂ ಕೋರ್ಟ್ 1956ರಲ್ಲೇ ಹೇಳಿದೆ. ಒಬ್ಬನೇ ಉತ್ತು, ಒಬ್ಬನೇ ಬೆಳೆ ಒಯ್ದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ. ಅವರಿಗೆ ಪಾಲಿಲ್ಲವೆಂದು ಅವರಿಗೆ ತಿಳಿಯುವಂತೆ ಹೊರಗಿಟ್ಟು 12 ವರ್ಷ ಕಳೆದಿರಬೇಕು.

ಪುರಾವೆಯ ತೂಕ

ಇಂಥ ವ್ಯಾಜ್ಯಗಳಲ್ಲಿ ಪಹಣಿ, ಕಂದಾಯದ ರಸೀದಿ, ವಿದ್ಯುತ್ ಬಿಲ್ಲುಗಳ ಕಟ್ಟೇ ಬರುತ್ತದೆ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನೆಂದು ಹೆಸರಿದ್ದರೆ ಉಳುತ್ತಿದ್ದಾನೆ ಎಂಬುದಕ್ಕೆ ಅದು ಪುರಾವೆ. ಯಾವ ಹಕ್ಕಿನಿಂದ ಉಳುತ್ತಿದ್ದಾನೆ ಎಂಬುದನ್ನು ಅದು ಹೇಳದು. ಕಂದಾಯ ದಾಖಲೆಯಲ್ಲಿ ಹೆಸರು ಬದಲಾದರೂ ಅದರಿಂದಲೇ ಮಾಲೀಕತ್ವ ಬರುವುದಿಲ್ಲ. ಆದರೆ ಆ ಬದಲಾವಣೆಯ ನೋಟಿಸ್ ಮಾಲೀಕನಿಗೆ ತಲುಪಿದ್ದರೆ, ಅವನಿಗೆ ವಿಷಯ ತಿಳಿದ ದಿನಕ್ಕೆ ಅದು ಗಟ್ಟಿ ಸಾಕ್ಷಿ.

ಮಾಲೀಕನ ಕಡೆಯಿಂದ ಒಪ್ಪಿಗೆಯನ್ನು ತೋರಿಸುವುದು ಹಳೆಯ ಪತ್ರಗಳು, ಬೆಳೆಯ ಪಾಲು ಬಂದ ಲೆಕ್ಕ, ಬ್ಯಾಂಕಿಗೆ ಬಂದ ಹಣ, ತನ್ನ ಹೆಸರಿನಲ್ಲೇ ಕಟ್ಟಿದ ಕಂದಾಯ, ಮಾತು ಕೇಳಿದ ಹಿರಿಯರ ಸಾಕ್ಷ್ಯ. ತಲೆಮಾರು ಕಳೆದಂತೆ ಸಾಕ್ಷಿ ಹೇಳುವವರು ಇಲ್ಲವಾಗುತ್ತಾರೆ. ಆದ್ದರಿಂದ ಹೊಲ ವಹಿಸಿಕೊಡುವಾಗಲೇ, ಇದು ಇಂಥವರ ಜಮೀನು, ಅವರ ಒಪ್ಪಿಗೆಯಿಂದ ನೋಡಿಕೊಳ್ಳುತ್ತಿದ್ದೇನೆ, ಕೇಳಿದಾಗ ಬಿಟ್ಟುಕೊಡುತ್ತೇನೆ ಎಂದು ನೋಡಿಕೊಳ್ಳುವವರಿಂದ ಬರೆಸಿ ಸಹಿ ಪಡೆಯುವುದು ಒಳ್ಳೆಯದು. ಅದನ್ನು ಗೇಣಿಯ ಕರಾರಿನಂತೆ ಬರೆಯಬಾರದು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು 1961ರ ಕರ್ನಾಟಕ ಭೂಸುಧಾರಣೆ ಕಾಯ್ದೆಯ 5ನೇ ಕಲಂ ನಿಷೇಧಿಸಿದೆ. ಇಂಥ ಬರಹಕ್ಕೆ ವಕೀಲರ ನೆರವು ಬೇಕು.

ಈ ಕಾನೂನು ನ್ಯಾಯವೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲೇ ಎದ್ದಿದೆ. ಅಪ್ರಾಮಾಣಿಕನಿಗೆ ಲಾಭ ತರುವ ಈ ನಿಯಮವನ್ನು ಮರುಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಕೇಂದ್ರ ಸರ್ಕಾರಕ್ಕೆ ಸೂಚಿಸಿತ್ತು. 2023ರಲ್ಲಿ ಸಲ್ಲಿಸಿದ 280ನೇ ವರದಿಯಲ್ಲಿ ಕಾನೂನು ಆಯೋಗ, ತಿದ್ದುಪಡಿಗೆ ಕಾರಣವಿಲ್ಲ ಎಂದಿತು. ಹೀಗಾಗಿ ಹನ್ನೆರಡು ವರ್ಷದ ಗಡುವು ಹಾಗೆಯೇ ಉಳಿದಿದೆ. ಒಪ್ಪಿಗೆ ಇರುವ ತನಕ ಅದು ಮಾಲೀಕನನ್ನು ಮುಟ್ಟುವುದಿಲ್ಲ. ತನ್ನ ಹಕ್ಕನ್ನು ನೆಂಟನು ಬಹಿರಂಗವಾಗಿ ಅಲ್ಲಗಳೆದನೆಂದು ತಿಳಿದ ದಿನವನ್ನು ಮಾಲೀಕ ಗುರುತು ಹಾಕಿಕೊಳ್ಳಬೇಕು, ಅಲ್ಲಿಂದ 12 ವರ್ಷ ತುಂಬುವುದರೊಳಗೆ ದಾವೆ ಹೂಡಬೇಕು.