ಸಾಮಾಜಿಕ ಜಾಲತಾಣಗಳಲ್ಲಿ ಉತ್ಪನ್ನ ಪ್ರಕಟಣೆಯ ಅಡಿಬರಹ

ಅಡಿಬರಹ ಅಥವಾ ಕ್ಯಾಪ್ಷನ್ ಎಂದರೆ ಸಾಮಾಜಿಕ ಜಾಲತಾಣದಲ್ಲಿ ಚಿತ್ರ ಅಥವಾ ವಿಡಿಯೋದ ಜೊತೆಗೆ ಪ್ರಕಟವಾಗುವ ಪಠ್ಯ. ಹೊಸ ಉತ್ಪನ್ನವೊಂದರ ಬಿಡುಗಡೆಯ ಸುದ್ದಿಯನ್ನು ಒಂದೇ ಮೂಲ ಪ್ರಕಟಣೆಯಿಂದ ಆರಂಭಿಸಿ, ಎಕ್ಸ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಲಿಂಕ್ಡ್‌ಇನ್ ಮೊದಲಾದ ತಾಣಗಳ ಮಿತಿಗೆ ತಕ್ಕಂತೆ ಬೇರೆ ಬೇರೆ ಉದ್ದದಲ್ಲಿ ಬರೆಯುವುದು ಜಾಹೀರಾತು ಬರವಣಿಗೆಯ ಒಂದು ಸಾಮಾನ್ಯ ಕೆಲಸ. ಉದ್ದವಾದ ಪಠ್ಯದ ಕೊನೆಯನ್ನು ಕತ್ತರಿಸಿ ಚಿಕ್ಕದು ಮಾಡುವುದು ಇದಲ್ಲ. ಬೆಲೆ, ಅವಧಿ, ದೊರೆಯುವ ಸ್ಥಳ ಇವುಗಳಲ್ಲಿ ಯಾವುದು ಯಾವುದರೊಡನೆ ಉಳಿಯಬೇಕು ಎಂಬ ತೀರ್ಮಾನವೇ ಇಲ್ಲಿನ ಮುಖ್ಯ ಭಾಗ.

## ಮಿತಿ ಮತ್ತು ಕಾಣುವ ಭಾಗ

ಪ್ರತಿಯೊಂದು ತಾಣಕ್ಕೂ ಎರಡು ಅಳತೆಗಳಿರುತ್ತವೆ. ಮೊದಲನೆಯದು ಬರೆಯಬಹುದಾದ ಗರಿಷ್ಠ ಉದ್ದ. ಟ್ವಿಟರ್ ತನ್ನ ಆರಂಭದ ಕಾಲದಲ್ಲಿ ಎಸ್‌ಎಂಎಸ್‌ನ 160 ಅಕ್ಷರಗಳಲ್ಲಿ 20ನ್ನು ಬಳಕೆದಾರರ ಹೆಸರಿಗೆ ಬಿಟ್ಟು, ಉಳಿದ 140ನ್ನು ಸಂದೇಶಕ್ಕೆ ಇರಿಸಿಕೊಂಡಿತ್ತು. 2017ರ ನವೆಂಬರ್‌ನಲ್ಲಿ ಈ ಮಿತಿ 280ಕ್ಕೆ ಏರಿತು. ಇಂದು ಎಕ್ಸ್ ಎಂಬ ಹೆಸರಿನ ಈ ತಾಣದಲ್ಲಿ ಹಣ ತೆರುವ ಖಾತೆಗಳಿಗೆ ಇದಕ್ಕಿಂತ ದೀರ್ಘವಾಗಿ ಬರೆಯುವ ಅವಕಾಶವಿದೆ. ಇನ್‌ಸ್ಟಾಗ್ರಾಂ ಅಡಿಬರಹದ ಮಿತಿ 2,200, ಲಿಂಕ್ಡ್‌ಇನ್‌ನದು 3,000. ಫೇಸ್‌ಬುಕ್‌ನ ಮಿತಿ ಅರವತ್ತು ಸಾವಿರವನ್ನೂ ಮೀರುವುದರಿಂದ ಪ್ರಕಟಣೆಯ ಮಟ್ಟಿಗೆ ಅದು ಮಿತಿಯೇ ಅಲ್ಲ.

ಎರಡನೆಯದು, ಓದುಗನು "ಇನ್ನಷ್ಟು" ಎಂಬ ಗುಂಡಿಯನ್ನು ಒತ್ತುವ ಮೊದಲು ಪರದೆಯ ಮೇಲೆ ಕಾಣುವ ಭಾಗ. ಇನ್‌ಸ್ಟಾಗ್ರಾಂನಲ್ಲಿ ಇದು ಸುಮಾರು 125 ಅಕ್ಷರ; ಲಿಂಕ್ಡ್‌ಇನ್‌ನಲ್ಲಿ ಸುಮಾರು ಮೂರು ಸಾಲು. ಇದು ಫೋನಿನ ಅಗಲ, ಅಕ್ಷರದ ಗಾತ್ರ ಮತ್ತು ಖಾತೆಯ ಹೆಸರಿನ ಉದ್ದವನ್ನು ಅವಲಂಬಿಸಿ ಹೆಚ್ಚುಕಡಿಮೆಯಾಗುತ್ತದೆ. ಮೊದಲ ಅಳತೆಯನ್ನು ಮೀರಿದರೆ ತಾಣವೇ ತಡೆಯುತ್ತದೆ, ಆದ್ದರಿಂದ ಆ ತಪ್ಪು ಪ್ರಕಟವಾಗುವುದಿಲ್ಲ. ಎರಡನೆಯದನ್ನು ಮೀರಿದಾಗ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆಚರಣೆಯಲ್ಲಿ ಹೆಚ್ಚಿನ ದೋಷಗಳು ಹುಟ್ಟುವುದು ಇಲ್ಲಿಯೇ.

## ಕನ್ನಡ ಪಠ್ಯದ ಎಣಿಕೆ

ಕನ್ನಡ ಓದುಗನು ಎಣಿಸುವ ಅಕ್ಷರವೂ ತಾಣವು ಎಣಿಸುವ ಅಕ್ಷರವೂ ಒಂದೇ ಅಲ್ಲ. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಮತ್ತು ಹಲಂತ ಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿದ್ದು, ಎಕ್ಸ್ ತಾಣವು ಈ ಒಂದೊಂದು ಸಂಕೇತವನ್ನೂ ಒಂದು ಎಂದು ಲೆಕ್ಕ ಹಾಕುತ್ತದೆ. "ಎಣ್ಣೆ" ಎಂಬುದು ಓದುವಾಗ ಎರಡು ಅಕ್ಷರ. ತಾಣದ ಲೆಕ್ಕದಲ್ಲಿ ಎ, ಣ, ಹಲಂತ, ಮತ್ತೊಂದು ಣ, ಎಕಾರದ ಚಿಹ್ನೆ ಹೀಗೆ ಐದು. "ಸ್ತ್ರೀ" ಎಂಬ ಒಂದೇ ಅಕ್ಷರವು ಆರಾಗುತ್ತದೆ. ಒತ್ತಕ್ಷರಗಳು ಹೆಚ್ಚಿರುವ ಸಂಸ್ಕೃತ ಪದಗಳನ್ನು ಬಳಸಿದಷ್ಟೂ ಜಾಗ ಬೇಗ ಮುಗಿಯುತ್ತದೆ ಎಂಬುದು ಇದರ ಪರಿಣಾಮ.

ಎಕ್ಸ್‌ನಲ್ಲಿ ಜಾಲದ ಕೊಂಡಿ ಎಷ್ಟೇ ಉದ್ದವಿದ್ದರೂ 23 ಎಂದೇ ಎಣಿಕೆಯಾಗುತ್ತದೆ. ಎಮೋಜಿಗೆ ಎರಡು. ರೂಪಾಯಿಯ ಚಿಹ್ನೆಯಾದ ₹ ಕೂಡ ಎರಡು ಎಂದು ಎಣಿಕೆಯಾಗುವುದು ಅನೇಕರಿಗೆ ತಿಳಿದಿಲ್ಲ. ಯೂಟ್ಯೂಬ್‌ನ ವಿವರಣೆಯ ಮಿತಿ ಇನ್ನೂ ವಿಚಿತ್ರವಾದುದು. ಇತರ ತಂತ್ರಾಂಶಗಳ ಮೂಲಕ ವಿಡಿಯೋ ಏರಿಸುವವರಿಗೆ ಅದು 5,000 ಬೈಟ್ ಎಂದು ನಿಗದಿಯಾಗಿದೆ. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ತೆಗೆದುಕೊಳ್ಳುವುದರಿಂದ, ಇಂಗ್ಲಿಷಿನಲ್ಲಿ ಐದು ಸಾವಿರ ಅಕ್ಷರ ಬರೆಯುವ ಕಡೆ ಕನ್ನಡದಲ್ಲಿ ಸುಮಾರು 1,660 ಸಂಕೇತಗಳಷ್ಟೇ ಹಿಡಿಸುತ್ತವೆ.

## ಒಂದು ಉದಾಹರಣೆ

ಎಣ್ಣೆ ಗಿರಣಿಗಳಿಗೆ ಹೆಸರಾದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸಣ್ಣ ಗಾಣದ ಘಟಕವೊಂದು ಕಡಲೆಕಾಯಿ ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ಮಾರಲು ಹೊರಟಿದೆ ಎಂದು ಭಾವಿಸಬಹುದು. ಘಟಕವೂ ಬೆಲೆಗಳೂ ಇಲ್ಲಿ ವಿವರಣೆಗಾಗಿ ಕಲ್ಪಿಸಿದವು. ಮೂಲ ಪ್ರಕಟಣೆಯಲ್ಲಿ ಇಷ್ಟು ಸಂಗತಿಗಳಿವೆ: ಎಣ್ಣೆ ಮರದ ಗಾಣದ್ದು, ಬಾಟಲಿ 1 ಲೀಟರಿನದು, ಬೆಲೆ ರೂ. 420, ಆದರೆ ಜನವರಿ 31ರವರೆಗೆ ಪರಿಚಯದ ಬೆಲೆ ರೂ. 380, ಸದ್ಯಕ್ಕೆ ಬೆಂಗಳೂರು, ಚಿತ್ರದುರ್ಗ ಮತ್ತು ದಾವಣಗೆರೆಯಲ್ಲಿ ಮಾತ್ರ ಲಭ್ಯ, ಖಾಲಿ ಬಾಟಲಿ ಹಿಂದಿರುಗಿಸಿದರೆ ರೂ. 15 ಮರಳಿ ಸಿಗುತ್ತದೆ, ಆದರೆ ಮುಚ್ಚಳ ಸಹಿತವಾಗಿ, ಕೊಂಡ ಅಂಗಡಿಯಲ್ಲೇ ಕೊಡಬೇಕು.

ಬರೆಯುವ ಮೊದಲು ಇವನ್ನು ಜೋಡಿಗಳಾಗಿ ಕಟ್ಟಲಾಗುತ್ತದೆ. ರೂ. 380ಕ್ಕೆ ಜನವರಿ 31 ಜೋಡಿ. ಲಭ್ಯತೆಗೆ ಮೂರು ಊರುಗಳ ಮಿತಿ ಜೋಡಿ. ರೂ. 15ಕ್ಕೆ ಮುಚ್ಚಳ ಮತ್ತು ಅಂಗಡಿಯ ಷರತ್ತು ಜೋಡಿ. ಚಿಕ್ಕದು ಮಾಡುವಾಗ ಜೋಡಿಯ ಎರಡೂ ಭಾಗಗಳು ಉಳಿಯಬೇಕು, ಇಲ್ಲವೇ ಎರಡೂ ಹೋಗಬೇಕು. ಆಕರ್ಷಕವಾದ ಅರ್ಧವನ್ನು ಇಟ್ಟುಕೊಂಡು ಷರತ್ತಿನ ಅರ್ಧವನ್ನು ಬಿಟ್ಟರೆ, ಉಳಿದ ವಾಕ್ಯ ಚಿಕ್ಕದಾಗಿರುವುದರ ಜೊತೆಗೆ ಸುಳ್ಳೂ ಆಗುತ್ತದೆ.

ಎಕ್ಸ್‌ಗಾಗಿ ಹೀಗೆ ಬರೆಯಬಹುದು:

> ಗಾಣದ ಕಡಲೆಕಾಯಿ ಎಣ್ಣೆ ಈಗ 1 ಲೀಟರ್ ಗಾಜಿನ ಬಾಟಲಿಯಲ್ಲಿ. ಜನವರಿ 31ರವರೆಗೆ ರೂ. 380, ಬಳಿಕ ರೂ. 420. ಸದ್ಯ ಬೆಂಗಳೂರು, ಚಿತ್ರದುರ್ಗ ಮತ್ತು ದಾವಣಗೆರೆಯಲ್ಲಿ ಮಾತ್ರ.

ಇದು ತಾಣದ ಲೆಕ್ಕದಲ್ಲಿ 139. ಒಂದು ಖಾಲಿ ಜಾಗ ಮತ್ತು ಕೊಂಡಿ ಸೇರಿದರೆ 163. ಮಿತಿಯೊಳಗೆ ಇನ್ನೂ 117 ಉಳಿದಿದ್ದರೂ ಖಾಲಿ ಬಾಟಲಿಯ ವಿಷಯವನ್ನು ಇಲ್ಲಿ ಪೂರ್ತಿಯಾಗಿ ಬಿಡಲಾಗಿದೆ. ಅದನ್ನು ಎರಡೂ ಷರತ್ತುಗಳೊಂದಿಗೆ ತುರುಕಲು ಸಾಧ್ಯವಿತ್ತು. ಆದರೆ ಆಗ ಒಂದೇ ಉಸಿರಿನಲ್ಲಿ ಮೂರು ಮೊತ್ತಗಳು ಬಂದು, ಓದುಗನು ಯಾವುದನ್ನೂ ನೆನಪಿಡಲಾರ. ಜಾಗವಿದೆ ಎಂಬುದು ತುಂಬುವುದಕ್ಕೆ ಕಾರಣವಲ್ಲ.

ಇದೇ ಪಠ್ಯವನ್ನು ಹಾಗೆಯೇ ಇನ್‌ಸ್ಟಾಗ್ರಾಂಗೆ ನಕಲಿಸಿದರೆ ತೊಂದರೆ ಆರಂಭವಾಗುತ್ತದೆ. 2,200ರ ಮಿತಿಗೆ 139 ಏನೂ ಅಲ್ಲ. ಆದರೆ 125ನೆಯ ಸಂಕೇತ ಬೀಳುವುದು "ದಾವಣಗೆರೆಯಲ್ಲಿ" ಎಂಬ ಪದದ ನಡುವೆ. ಆ ಪದದ ಉಳಿದ ಭಾಗವೂ ಅದರ ಮುಂದಿನ "ಮಾತ್ರ" ಎಂಬುದೂ ಗುಂಡಿಯ ಹಿಂದೆ ಅಡಗುತ್ತವೆ. ಮೈಸೂರಿನ ಓದುಗನಿಗೆ ಕಾಣುವುದು ಊರುಗಳ ಒಂದು ಪಟ್ಟಿ ಅಷ್ಟೇ. ಅದು ಅಲ್ಲಿಗೆ ಮುಗಿಯಿತೆಂಬುದು ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಕತ್ತರಿಸುವುದಕ್ಕಿಂತ ಕ್ರಮವನ್ನು ಬದಲಿಸಬೇಕಾಗುತ್ತದೆ:

> ಗಾಣದ ಕಡಲೆಕಾಯಿ ಎಣ್ಣೆ, ಸದ್ಯ ಮೂರು ಊರುಗಳಲ್ಲಿ ಮಾತ್ರ. 1 ಲೀಟರ್ ಬಾಟಲಿಗೆ ಜನವರಿ 31ರವರೆಗೆ ರೂ. 380, ಬಳಿಕ ರೂ. 420.

ಇದು 101. ಊರುಗಳ ಹೆಸರು, ಗಾಣದ ವಿವರ ಮತ್ತು ಖಾಲಿ ಬಾಟಲಿಯ ಯೋಜನೆ ಅದರ ಷರತ್ತುಗಳೊಡನೆ ಮುಂದಿನ ಸಾಲುಗಳಲ್ಲಿ ಬರಬಹುದು. ಹ್ಯಾಶ್‌ಟ್ಯಾಗ್‌ಗಳ ಸ್ಥಾನ ಕೊನೆಯಲ್ಲಿ. ಮೊದಲ ಸಾಲಿಗೆ ತಂದರೆ ಅವು ಕಾಣುವ ಭಾಗವನ್ನೇ ನುಂಗುತ್ತವೆ. ಇನ್‌ಸ್ಟಾಗ್ರಾಂ ಅಡಿಬರಹದಲ್ಲಿ ಬರೆದ ಕೊಂಡಿಯನ್ನು ಒತ್ತಿದರೆ ಪುಟ ತೆರೆಯುವುದಿಲ್ಲವಾದ್ದರಿಂದ, ಎಕ್ಸ್‌ನಿಂದ ನಕಲಾದ ಕೊಂಡಿ ಅಲ್ಲಿ ನಿರುಪಯುಕ್ತ. ಅದರ ಬದಲು ಕೊಂಡಿ ಖಾತೆಯ ಪರಿಚಯ ಪುಟದಲ್ಲಿದೆ ಎಂದು ಸೂಚಿಸುವುದು ರೂಢಿ.

ಲಿಂಕ್ಡ್‌ಇನ್‌ನಲ್ಲಿ ಓದುಗರೇ ಬೇರೆ. ಅಲ್ಲಿ ಈ ಸುದ್ದಿಯನ್ನು ಗಮನಿಸುವವರು ಹೆಚ್ಚಾಗಿ ವಿತರಕರು, ಅಂಗಡಿ ಸರಣಿಯ ಖರೀದಿದಾರರು ಮತ್ತು ಇತರ ಉದ್ಯಮಿಗಳು. ಹಾಗಾಗಿ ಉದ್ದವಾದ ಅಡಿಬರಹವು ಚಿಕ್ಕದನ್ನು ಹಿಗ್ಗಿಸಿದ ರೂಪವಾಗುವುದಿಲ್ಲ. "ಚಳ್ಳಕೆರೆಯ ನಮ್ಮ ಗಾಣದ ಎಣ್ಣೆಯನ್ನು ಮೂರು ಊರುಗಳಲ್ಲಿ ಗಾಜಿನ ಬಾಟಲಿಯಲ್ಲಿ ಮಾರಲು ಆರಂಭಿಸಿದ್ದೇವೆ, ಖಾಲಿ ಬಾಟಲಿಗಳನ್ನು ಮರಳಿ ಪಡೆಯುವ ಏರ್ಪಾಡೂ ಇದೆ" ಎಂದು ಆರಂಭಿಸಿ, ಪ್ಲಾಸ್ಟಿಕ್ಕಿನಿಂದ ಗಾಜಿಗೆ ಬಂದ ಕಾರಣ, ಸಾಗಣೆಯಲ್ಲಿ ಬಾಟಲಿ ಒಡೆಯದಂತೆ ಕೈಗೊಂಡ ಕ್ರಮ, ಬಾಟಲಿ ಮರಳಿಸುವ ಷರತ್ತುಗಳು ಮತ್ತು ಅಂಗಡಿಯವರು ಸಂಪರ್ಕಿಸುವ ಬಗೆಯನ್ನು ನಾಲ್ಕೈದು ಸಣ್ಣ ಕಂಡಿಕೆಗಳಲ್ಲಿ ಹೇಳಬಹುದು. ಎಕ್ಸ್‌ನಲ್ಲಿ ಬಿಟ್ಟಿದ್ದ ಖಾಲಿ ಬಾಟಲಿಯ ವಿಷಯವೇ ಇಲ್ಲಿ ಮುಖ್ಯವಾಗುತ್ತದೆ. ಫೇಸ್‌ಬುಕ್‌ಗೆ ಇನ್‌ಸ್ಟಾಗ್ರಾಂನ ಕ್ರಮವೇ ಸಾಕು. ಕೊಂಡಿಯನ್ನು ಮಾತ್ರ ನೇರವಾಗಿ ಸೇರಿಸಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ರೂಪಕ್ಕೆ ಇಸವಿಯನ್ನು ಸೇರಿಸುವುದು ಒಳ್ಳೆಯದು. ಅಲ್ಲಿ ಸಂದೇಶವು ಮೂಲ ಖಾತೆಯಿಂದ ಬೇರ್ಪಟ್ಟು ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. "ಜನವರಿ 31ರವರೆಗೆ" ಎಂದಷ್ಟೇ ಇದ್ದರೆ ಮರುವರ್ಷದ ಜನವರಿಯಲ್ಲಿಯೂ ಯಾರಾದರೂ ಅದೇ ಬೆಲೆ ಕೇಳಿಕೊಂಡು ಬರಬಹುದು. "ಇಂದಿನಿಂದ", "ಈ ವಾರ" ಎಂಬ ಪದಗಳಿಗೂ ಇದೇ ದೋಷವಿದೆ. ಇದೇ ಪಠ್ಯವನ್ನು ಎಸ್‌ಎಂಎಸ್ ಮೂಲಕ ಕಳುಹಿಸುವುದಾದರೆ ಖರ್ಚಿನ ಲೆಕ್ಕವೂ ಬರುತ್ತದೆ. ಕನ್ನಡದ ಒಂದು ಎಸ್‌ಎಂಎಸ್‌ಗೆ 70 ಸಂಕೇತಗಳ ಮಿತಿ. ಜೋಡಿಸಿ ಕಳುಹಿಸಿದಾಗ ಪ್ರತಿ ಭಾಗಕ್ಕೆ 67. ಮೇಲಿನ 139ರ ಪಠ್ಯವು ಎರಡು ಭಾಗಗಳ 134ನ್ನು ಐದರಿಂದ ಮೀರಿ ಮೂರು ಸಂದೇಶಗಳ ಶುಲ್ಕ ಬೇಡುತ್ತದೆ. 101ರ ಪಠ್ಯ ಎರಡರಲ್ಲಿ ಮುಗಿಯುತ್ತದೆ.

## ಕೈಬಿಟ್ಟ ಷರತ್ತು ಮತ್ತು ಕಾನೂನು

ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಹೊರಡಿಸಿತು. ಅವುಗಳ ಪ್ರಕಾರ, ಬಿಟ್ಟುಬಿಟ್ಟರೆ ಜಾಹೀರಾತು ಮೋಸಗೊಳಿಸುವಂತಾಗುವ ಮಾಹಿತಿಯನ್ನು ಷರತ್ತಿನ ಟಿಪ್ಪಣಿಯ ಮೂಲಕ ಮರೆಮಾಡುವಂತಿಲ್ಲ. ಷರತ್ತು ಕೂಡ ಹೇಳಿಕೆಯ ಭಾಷೆಯಲ್ಲಿಯೇ ಇರಬೇಕು. ಕನ್ನಡದಲ್ಲಿ ಬೆಲೆ ಸಾರಿ, "ಷರತ್ತುಗಳು ಅನ್ವಯ" ಎಂಬ ಅರ್ಥದ ಸಾಲನ್ನು ಇಂಗ್ಲಿಷಿನಲ್ಲಿ ಕೊನೆಗೆ ಸೇರಿಸುವ ಪರಿಪಾಠ ಈ ನಿಯಮಕ್ಕೆ ಹೊಂದುವುದಿಲ್ಲ. ಹಣ ಅಥವಾ ಉಡುಗೊರೆ ಪಡೆದು ಇತರರು ತಮ್ಮ ಖಾತೆಯಲ್ಲಿ ಪ್ರಕಟಿಸುವ ಬರಹಗಳ ಬಗ್ಗೆ ಭಾರತೀಯ ಜಾಹೀರಾತು ಮಾನಕ ಮಂಡಳಿಯು 2021ರಲ್ಲಿ ನೀಡಿದ ಮಾರ್ಗಸೂಚಿ ನೇರವಾಗಿ ಕಾಣುವ ಭಾಗದ ಬಗ್ಗೆಯೇ ಮಾತನಾಡುತ್ತದೆ. ಇದು ಜಾಹೀರಾತು ಎಂಬ ಸೂಚನೆ "ಇನ್ನಷ್ಟು" ಗುಂಡಿಯನ್ನು ಒತ್ತಿದ ಮೇಲೆ ಮಾತ್ರ ಕಾಣುವಂತಿರಬಾರದು.

## ಪರಿಶೀಲನೆ

ಎಣಿಕೆಯನ್ನು ಕಣ್ಣಳತೆಯಲ್ಲಿ ಮಾಡಲಾಗದು; ಪಠ್ಯವನ್ನು ಆಯಾ ತಾಣದ ಬರೆಯುವ ಪೆಟ್ಟಿಗೆಯಲ್ಲಿಯೇ ಹಾಕಿ ನೋಡಬೇಕು. ಕಾಣುವ ಭಾಗವನ್ನು ತಿಳಿಯಲು ಸಣ್ಣ ಪರದೆಯ ಫೋನಿನಲ್ಲಿ ಕರಡನ್ನು ತೆರೆದು, ಉತ್ಪನ್ನದ ಪರಿಚಯವಿಲ್ಲದ ಒಬ್ಬರಿಗೆ ಅಷ್ಟನ್ನೇ ತೋರಿಸಿ, ಬೆಲೆ ಎಷ್ಟು, ಎಂದಿನವರೆಗೆ, ಎಲ್ಲಿ ಸಿಗುತ್ತದೆ ಎಂದು ಕೇಳುವುದು ಸರಳ ವಿಧಾನ. ಪ್ರಕಟವಾದ ಬಳಿಕ ಪ್ರತಿಕ್ರಿಯೆಗಳಲ್ಲಿ "ನಮ್ಮೂರಿನಲ್ಲಿ ಸಿಗುತ್ತದೆಯೇ" ಎಂಬ ಪ್ರಶ್ನೆ ಮತ್ತೆ ಮತ್ತೆ ಬಂದರೆ, ಉತ್ತರ ಅಡಿಬರಹದಲ್ಲಿದ್ದರೂ ಗುಂಡಿಯ ಹಿಂದಿದೆ ಎಂದು ತಿಳಿಯಬಹುದು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮತ್ತು ಲಿಂಕ್ಡ್‌ಇನ್‌ಗಳಲ್ಲಿ ಪಠ್ಯವನ್ನು ಅನಂತರ ತಿದ್ದಲು ಬರುತ್ತದೆ. ಎಕ್ಸ್‌ನಲ್ಲಿ ಆ ಸೌಲಭ್ಯ ಹಣ ತೆರುವ ಖಾತೆಗಳಿಗೆ, ಅದೂ ಸೀಮಿತ ಸಮಯದವರೆಗೆ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ 15 ನಿಮಿಷಗಳೊಳಗೆ. ಈ ಕಾರಣದಿಂದ ಕೆಲವರು ತಿದ್ದಲು ಬರುವ ತಾಣಗಳಲ್ಲಿ ಮೊದಲು ಪ್ರಕಟಿಸಿ, ಬೆಲೆ ಮತ್ತು ದಿನಾಂಕದಲ್ಲಿ ತಪ್ಪಿಲ್ಲವೆಂದು ಖಚಿತವಾದ ಮೇಲೆ ಉಳಿದೆರಡಕ್ಕೆ ಹೋಗುತ್ತಾರೆ.